ಟ್ರೇಡ್ ಡೈರಿ, ಭಾಗ 4: ‘ಯಾಕೆ ತಗೊಂಡೆ?’ ಅನ್ನೋ ಕಾಲಂ

ಅಕ್ಟೋಬರ್‌ನಲ್ಲಿ 22 ಟ್ರೇಡ್ ಮಾಡಿದೆ. ಚಾರ್ಜ್ ಎಲ್ಲ ಕಳೆದ ಮೇಲೆ 690 ರೂಪಾಯಿ ನಷ್ಟ. ಟ್ಯೂಷನ್ ಹೇಳಿ ಸೇರಿಸಿದ 12,000ದಲ್ಲಿ ಹೋದ ದುಡ್ಡು ಇದು. ಆ್ಯಪ್ ಹೇಳೋದು ಇಷ್ಟೇ. ಉಳಿದದ್ದನ್ನ ಹೇಳಿದ್ದು ನನ್ನ ನೋಟ್‌ಬುಕ್.

ಒಂದು ಮಂಗಳವಾರದ ಪುಟ ತೋರಿಸ್ತೀನಿ. ಒಂದು ಶೇರು, 412ಕ್ಕೆ 20 ತಗೊಂಡೆ. ಕಾರಣ: ‘ಮೂರು ದಿನದಿಂದ 410 ದಾಟಿರಲಿಲ್ಲ, ಇವತ್ತು ಜಾಸ್ತಿ ವಾಲ್ಯೂಮ್ ಜೊತೆ ದಾಟಿದೆ.’ ಸ್ಟಾಪ್‌ಲಾಸ್ 406. ಮೂಡ್: ಸಮಾಧಾನ. ಪ್ಲಾನ್ ಪ್ರಕಾರ ಹೋದರೆ 120 ರೂಪಾಯಿ ಹೋಗಬೇಕಿತ್ತು. ಬೆಲೆ 407ಕ್ಕೆ ಇಳಿದಾಗ ‘ಮೇಲೆ ಬರುತ್ತೆ’ ಅಂತ ಸ್ಟಾಪ್‌ಲಾಸ್ ತೆಗೆದುಬಿಟ್ಟೆ. ಕೊನೆಗೆ 398ಕ್ಕೆ ಮಾರಿದೆ, 280 ಹೋಯ್ತು. ಹೊರಬಂದ ಕಾರಣ: ‘ಭಯ.’

ಹತ್ತೇ ನಿಮಿಷಕ್ಕೆ ಇನ್ನೊಂದು ಶೇರು. ಅದರ ಕಾರಣದ ಕಾಲಂ ಓದಿ: ‘280 ವಾಪಸ್ ಬರಬೇಕು.’

ಆ ಸಾಲಿನಲ್ಲಿ ಶೇರಿನ ಬಗ್ಗೆ ಏನಾದರೂ ಇದೆಯಾ? ಒಂದಕ್ಷರ ಇಲ್ಲ. ಬರೆಯುವಾಗ ನನಗೆ ಹೊಳೆಯಲೇ ಇಲ್ಲ, ತಿಂಗಳ ಕೊನೆಯ ಭಾನುವಾರ ಕೂತು ಓದಿದಾಗಲೇ ಕಂಡಿದ್ದು.

ಆವತ್ತು 22 ಸಾಲನ್ನೂ ಎರಡು ಗುಂಪು ಮಾಡಿದೆ. ಕಾರಣ ಶೇರಿನ ಬಗ್ಗೆ ಇದ್ದದ್ದು 15, ಲಾಭ 1,120. ಕಾರಣ ನನ್ನ ಬಗ್ಗೆ ಇದ್ದದ್ದು (ಬೋರ್, ಸಿಟ್ಟು, ‘ಫ್ರೆಂಡ್ ತಗೊಂಡ’) 7, ನಷ್ಟ 1,810. ಆ ಏಳರಲ್ಲಿ ಒಂದು 340 ಲಾಭ ಕೊಟ್ಟಿತ್ತು. ಅದಕ್ಕೂ ಕೆಂಪು ಪೆನ್ನಲ್ಲೇ ಗುರುತು ಹಾಕಿದೆ, ಯಾಕಂದ್ರೆ ಮುಂದಿನ ಮೂರು ತಪ್ಪಿಗೆ ಧೈರ್ಯ ಕೊಟ್ಟಿದ್ದೇ ಅದು.

ನೀವೂ ಬರೆಯೋದಾದ್ರೆ ಒಂದು ಮಾತು. ಕಾರಣ, ಸ್ಟಾಪ್‌ಲಾಸ್, ಮೂಡ್ ಮೂರನ್ನೂ ಆರ್ಡರ್ ಹಾಕೋ ಮುಂಚೆ ಬರೀರಿ. ಸೆಪ್ಟೆಂಬರ್‌ನಲ್ಲಿ ನಾನು ಸಂಜೆ ಕೂತು ಬರೀತಿದ್ದೆ. ಗೆದ್ದ ಟ್ರೇಡ್‌ಗೆಲ್ಲ ‘ಸಮಾಧಾನ’, ಸೋತದ್ದಕ್ಕೆಲ್ಲ ‘ಆತುರ’! ಫಲಿತಾಂಶ ಗೊತ್ತಾದ ಮೇಲೆ ನೆನಪು ಸುಳ್ಳು ಹೇಳುತ್ತೆ. ಆ ತಿಂಗಳ ಪುಟಗಳು ರಿವ್ಯೂಗೆ ಉಪಯೋಗಕ್ಕೆ ಬರಲಿಲ್ಲ. ಹೊರಬಂದ ಕಾರಣ ಮಾತ್ರ ಮಾರಿದ ತಕ್ಷಣ ಬರೀಬೇಕು, ಸಂಜೆವರೆಗೆ ಬಿಟ್ಟರೆ ‘ಭಯ’ ಹೋಗಿ ‘ಮಾರ್ಕೆಟ್ ಸರಿ ಇರಲಿಲ್ಲ’ ಆಗುತ್ತೆ. ಲಾಭ-ನಷ್ಟದ ಅಂಕಿಯನ್ನ ಕಾಂಟ್ರಾಕ್ಟ್ ನೋಟ್ ನೋಡಿ ಚಾರ್ಜ್ ಕಳೆದೇ ಬರೀರಿ, ಸಣ್ಣ ಟ್ರೇಡ್‌ನಲ್ಲಿ ಚಾರ್ಜೇ ಲಾಭ ತಿಂದಿರುತ್ತೆ.

22 ಟ್ರೇಡ್ ತುಂಬ ಕಮ್ಮಿ. ಆ 15ರ ಲಾಭ ಬರೀ ಅದೃಷ್ಟವೂ ಆಗಿರಬಹುದು, ಅದಕ್ಕೇ ದುಡ್ಡು ಜಾಸ್ತಿ ಹಾಕಲಿಲ್ಲ. ಬದಲಾಯಿಸಿದ್ದು ಒಂದೇ: ಒಂದು ನಷ್ಟ ಆದ್ರೆ ಆವತ್ತಿಗೆ ಆ್ಯಪ್ ಬಂದ್. ಎರಡು ಮೂರು ರೂಲ್ ಒಟ್ಟಿಗೆ ಬದಲಾಯಿಸಿದ್ರೆ ಯಾವುದು ಕೆಲಸ ಮಾಡ್ತು ಅಂತ ಗೊತ್ತಾಗಲ್ಲ.

ನವೆಂಬರ್ ರಿವ್ಯೂ ನಿನ್ನೆ ಮುಗೀತು. ಎರಡನೇ ಗುಂಪಲ್ಲಿ ಏಳರ ಬದಲು ಎರಡು ಟ್ರೇಡ್. ಎರಡೂ ಇಂಟರ್ನಲ್ಸ್ ವಾರದ್ದು, ಮೂಡ್ ಕಾಲಂನಲ್ಲಿ ಎರಡಕ್ಕೂ ‘ನಿದ್ದೆ ಇಲ್ಲ.’