ಕೃತ್ತಿಕೆಯ ಎಣಿಕೆ

ಮೊಮ್ಮಗಳ ಶಾಲೆಯಿಂದ ನಮ್ಮ ಮನೆಗೆ ಬರುವ ಪತ್ರಗಳು ಸಾಮಾನ್ಯವಾಗಿ ಎರಡು ಬಗೆಯವು. ಒಂದು ಶುಲ್ಕವನ್ನು ಕುರಿತದ್ದು. ಮತ್ತೊಂದು ರಜವನ್ನು ಕುರಿತದ್ದು. 2026ನೆಯ ಇಸವಿಯ ಜನವರಿಯಲ್ಲಿ ಬಂದ ಪತ್ರವು ಈ ಎರಡಕ್ಕೂ ಸೇರದುದಾಗಿದ್ದಿತು. ನಾಲ್ಕನೆಯ ತರಗತಿಯ ಉಪಾಧ್ಯಾಯಿನಿಯವರು ಹೀಗೆ ಬರೆದಿದ್ದರು:

“ಪೋಷಕರಲ್ಲಿ ವಿಜ್ಞಾಪನೆ. ಇದೇ 17ನೆಯ ತಾರೀಖು ಶನಿವಾರ ರಾತ್ರಿ ಏಳು ಗಂಟೆಗೆ ಶಾಲೆಯ ತಾರಸಿಯ ಮೇಲೆ ನಕ್ಷತ್ರದರ್ಶನವಿರುವುದು. ದಯವಿಟ್ಟು ಮಕ್ಕಳನ್ನು ಬಿಟ್ಟು ಹಿಂದಿರುಗಬೇಡಿರಿ. ತಾವೂ ಜೊತೆಯಲ್ಲಿ ಕುಳಿತು ನೋಡಬೇಕು. ಚಾಪೆ, ಹೊದಿಕೆ, ಪೆನ್ಸಿಲು ತರುವುದು. ಟಾರ್ಚು ತಂದರೆ ಅದರ ಮುಖಕ್ಕೆ ಕೆಂಪು ಕಾಗದವನ್ನು ಎರಡು ಪದರವಾಗಿ ಕಟ್ಟಿರಬೇಕು. ಮೊಬೈಲುಗಳನ್ನು ಮೆಟ್ಟಿಲ ಬಳಿಯ ಬುಟ್ಟಿಯಲ್ಲಿಡುವುದು. ಅಂದು ಎಲ್ಲರಿಗೂ ಒಂದೊಂದು ಚೀಟಿ ಕೊಡುವೆವು. ಕೃತ್ತಿಕೆಯಲ್ಲಿ ಎಷ್ಟು ನಕ್ಷತ್ರಗಳು ಬಿಡಿಬಿಡಿಯಾಗಿ ಕಂಡವೆಂಬುದನ್ನು ಪಕ್ಕದವರನ್ನು ಕೇಳದೆ ಅದರಲ್ಲಿ ಬರೆಯಬೇಕು.”

ಪತ್ರವನ್ನೋದಿ ನಾವು ಮೊದಲು ಪಂಚಾಂಗವನ್ನು ತೆಗೆದೆವು. ಅಂದು ಪುಷ್ಯ ಬಹುಳ ಚತುರ್ದಶಿ. ಸಂಜೆಯ ಆಕಾಶದಲ್ಲಿ ಚಂದ್ರನಿರುವುದಿಲ್ಲ. ಹುಣ್ಣಿಮೆಯ ಆಸುಪಾಸಿನಲ್ಲಿ ಕರೆದಿದ್ದರೆ ಕೃತ್ತಿಕೆಯ ಅರ್ಧಪಾಲು ಬೆಳುದಿಂಗಳಲ್ಲಿ ಕರಗಿಹೋಗುತ್ತಿದ್ದಿತು. ದಿನವನ್ನು ತಿಳಿದೇ ಆರಿಸಿದ್ದಾರೆಂದು ನಮಗೆ ಸಂತೋಷವಾಯಿತು. ಮಗನು ಊರಿನಲ್ಲಿರಲಿಲ್ಲವಾದ್ದರಿಂದ ಸೊಸೆಯೂ ನಾವೂ ಮಗುವಿನೊಡನೆ ಹೊರಟೆವು.

ತಾರಸಿಯನ್ನು ಹತ್ತಿದಾಗ ಪಡುವಣದಲ್ಲಿ ಇನ್ನೂ ನಸುಬೆಳಕಿದ್ದಿತು. ಉಪಾಧ್ಯಾಯಿನಿಯವರು ಎದುರುಮನೆಯವರನ್ನು ಕೇಳಿಕೊಂಡು ಅವರ ಜಗಲಿಯ ದೀಪವನ್ನು ಆರಿಸಿಸಿದ್ದರು. ಮೊದಲ ಅರ್ಧಗಂಟೆ ಅವರು ಏನನ್ನೂ ತೋರಿಸಲಿಲ್ಲ. ಸುಮ್ಮನೆ ಮಲಗಿರಿ ಎಂದರು. ಇದಕ್ಕೆ ಕಾರಣವಿದೆ. ಕತ್ತಲಿಗೆ ಬಂದೊಡನೆ ಕಣ್ಣಿನ ಪಾಪೆ ಅಗಲವಾಗುವುದೇನೋ ನಿಜ. ಆದರೆ ಅಷ್ಟರಿಂದ ಕೆಲಸ ಮುಗಿಯುವುದಿಲ್ಲ. ಮಂದಬೆಳಕನ್ನು ಹಿಡಿಯುವ ಕಣಗಳು ಅಕ್ಷಿಪಟಲದಲ್ಲಿ ಬೇರೆಯೇ ಇವೆ. ಹಗಲ ಬೆಳಕಿನಲ್ಲಿ ಅವುಗಳ ವರ್ಣದ್ರವ್ಯವು ಕರಗಿರುತ್ತದೆ. ಅದು ಮತ್ತೆ ಕೂಡಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಬ್ಬರು ಮೊಬೈಲನ್ನು ಬೆಳಗಿಸಿದರೆ ಸಾಕು, ಸುತ್ತಲಿನ ಹತ್ತು ಜನರ ಕಾಯುವಿಕೆ ವ್ಯರ್ಥವಾಗುತ್ತದೆ. ಕೆಂಪು ಬೆಳಕು ಮಾತ್ರ ಆ ಕಣಗಳನ್ನು ಅಷ್ಟಾಗಿ ಬಾಧಿಸುವುದಿಲ್ಲ. ಬುಟ್ಟಿಗೂ ಕೆಂಪು ಕಾಗದಕ್ಕೂ ಅರ್ಥವಿಷ್ಟೆ.

ಎಂಟು ಗಂಟೆಯ ಹೊತ್ತಿಗೆ ಅವರು ದಾರಿ ತೋರಿಸಲಾರಂಭಿಸಿದರು. ಆಗ್ನೇಯದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮಿನುಗುವುದು ಲುಬ್ಧಕ, ಎಂದರೆ ಬೇಡ. ಅಲ್ಲಿಂದ ಮೇಲಕ್ಕೆ ಒಂದೇ ಸಾಲಿನಲ್ಲಿ ಮೂರು ನಕ್ಷತ್ರಗಳು. ಮೃಗರೂಪದ ಪ್ರಜಾಪತಿಗೆ ನಾಟಿದ ಮೂರು ಗೆಣ್ಣಿನ ಬಾಣವೆಂದು ನಮ್ಮ ಹಿರಿಯರು ಹೇಳಿದುದು ಇದನ್ನೇ. ಬಾಣದ ಗೆರೆಯನ್ನು ಇನ್ನೂ ಮೇಲಕ್ಕೆಳೆದರೆ ಕೆಂಬಣ್ಣದ ರೋಹಿಣಿ. ಅದನ್ನೂ ದಾಟಿದರೆ ನೆತ್ತಿಯ ಸಮೀಪದಲ್ಲಿ ಕೃತ್ತಿಕೆ. ಕಥೆಯಲ್ಲಿ ಮೃಗವು ಅಟ್ಟಿಕೊಂಡು ಹೋದುದು ರೋಹಿಣಿಯನ್ನು. ಕಥೆಯೂ ಗೆರೆಯೂ ಹೀಗೆ ಒಂದೇ ದಿಕ್ಕಿಗೆ ಸಾಗುವುದರಿಂದ ಮಕ್ಕಳು ಈ ದಾರಿಯನ್ನು ಮರೆಯಲಾರರು.

ಎಣಿಕೆಗೆ ಮುನ್ನ ಅವರು ಇನ್ನೊಂದು ಉಪಾಯವನ್ನು ಹೇಳಿದರು. ಮಸುಕಾದ ನಕ್ಷತ್ರವನ್ನು ನೇರವಾಗಿ ದಿಟ್ಟಿಸಿದರೆ ಮಾಯವಾಗುತ್ತದೆ. ದೃಷ್ಟಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಮರಳಿ ಕಾಣುತ್ತದೆ. ನೇರದೃಷ್ಟಿ ಬೀಳುವ ನಡುಭಾಗದಲ್ಲಿ ಮಂದಬೆಳಕಿನ ಕಣಗಳಿಲ್ಲದಿರುವುದೇ ಇದಕ್ಕೆ ಕಾರಣ.

ಕೃತ್ತಿಕೆಗಳು ಎಷ್ಟು ಎಂಬುದು ಹಳೆಯ ಪ್ರಶ್ನೆ. ಕುಮಾರಸ್ವಾಮಿಗೆ ಹಾಲೂಡಿದ ತಾಯಂದಿರು ಆರು ಮಂದಿಯಾದುದರಿಂದ ಅವನು ಷಾಣ್ಮಾತುರನೆನಿಸಿದನು. ತೈತ್ತಿರೀಯ ಬ್ರಾಹ್ಮಣದಲ್ಲಿಯಾದರೋ ಏಳು ಹೆಸರುಗಳಿವೆ. ಎರಡೂ ನೋಡಿದವರ ಮಾತೇ. ಸಾಧಾರಣ ಕಣ್ಣಿಗೆ ಆರು ಸುಲಭವಾಗಿ ಕಾಣುತ್ತವೆ. ಏಳನೆಯದು ಮಸುಕಾದುದಲ್ಲದೆ ಪಕ್ಕದ ಉಜ್ವಲವಾದ ನಕ್ಷತ್ರಕ್ಕೆ ಬಹಳ ಒತ್ತಾಗಿದೆ. 1610ರಲ್ಲಿ ಗೆಲಿಲಿಯೋ ತನ್ನ ದೂರದರ್ಶಕದಿಂದ ನೋಡಿ 36 ನಕ್ಷತ್ರಗಳನ್ನು ಗುರುತಿಸಿದನು. ಸುಮಾರು 440 ಜ್ಯೋತಿರ್ವರ್ಷ ದೂರದ ಆ ಗುಂಪಿನಲ್ಲಿ ಸಾವಿರಕ್ಕೂ ಮಿಕ್ಕು ನಕ್ಷತ್ರಗಳಿವೆಯೆಂದು ಈಗ ತಿಳಿದಿದೆ.

ಚೀಟಿಗಳು ಒಟ್ಟುಗೂಡಿದವು. ಹೆಚ್ಚಿನವರು ಆರು ಎಂದು ಬರೆದಿದ್ದರು. ಅರುವತ್ತು ದಾಟಿದ ನಮ್ಮ ಕಣ್ಣಿಗೆ ಕನ್ನಡಕದೊಡನೆ ಐದು, ಸೊಸೆಗೆ ಆರು. ಲಾರಿ ನಡೆಸುವ ಒಬ್ಬ ತಂದೆ ಮಾತ್ರ ಏಳು ಎಂದು ಬರೆದು, ಎಲ್ಲೆಲ್ಲಿ ಕಂಡವೆಂದು ಚುಕ್ಕೆಗಳನ್ನೂ ಇಟ್ಟಿದ್ದರು. ನಮ್ಮ ಮೊಮ್ಮಗಳ ಚೀಟಿ ಖಾಲಿಯಾಗಿದ್ದಿತು.

“ಯಾಕಮ್ಮ, ಬರೆಯಲಿಲ್ಲ?” ಎಂದೆವು.

“ಎಣಿಸೋದು ಏನನ್ನ ತಾತ? ಅಲ್ಲಿ ಹತ್ತಿಯ ಚೂರು ಇಟ್ಟ ಹಾಗೆ ಇದೆ, ಅಷ್ಟೆ” ಎಂದಳು.

ರೋಹಿಣಿ ಹೇಗೆ ಕಾಣುತ್ತದೆಂದು ಕೇಳಿದೆವು. “ದೊಡ್ಡದಾಗಿ, ಸೇವಂತಿಗೆಯ ಹಾಗೆ” ಎಂದಳು. ಅವಳ ಕಣ್ಣಿಗೆ ನಕ್ಷತ್ರಗಳೆಲ್ಲವೂ ಹೀಗೆಯೇ ಇದ್ದುವು. ಎಲ್ಲರ ಕಣ್ಣಿಗೂ ಹೀಗೆಯೇ ಎಂದು ಅವಳು ತಿಳಿದಿದ್ದಳು.

ಉಪಾಧ್ಯಾಯಿನಿಯವರು ಇತರ ಮಕ್ಕಳ ಮುಂದೆ ಏನನ್ನೂ ಹೇಳಲಿಲ್ಲ. ಇಳಿದು ಬರುವಾಗ ಮೆಟ್ಟಿಲ ಬಳಿ ಸೊಸೆಯೊಡನೆ ಮೆಲ್ಲನೆ ಹೇಳಿದರು: “ಇದು ಕಣ್ಣಿನ ಪರೀಕ್ಷೆ ಅಲ್ಲ, ಗಾಬರಿಯಾಗಬೇಡಿ. ಮಂಜು, ಧೂಳು, ಊರ ದೀಪ ಇದ್ದರೆ ಎಲ್ಲರಿಗೂ ಕಡಿಮೆ ಕಾಣುತ್ತೆ. ಆದರೆ ಒಂದೇ ತಾರಸಿಯಲ್ಲಿ ಎಲ್ಲರಿಗೂ ಬಿಡಿಬಿಡಿಯಾಗಿ ಕಂಡು ಒಬ್ಬಳಿಗೆ ಮಾತ್ರ ಒಂದೂ ಬಿಡಿಯಾಗಿ ಕಾಣದಿದ್ದರೆ ಡಾಕ್ಟರಿಗೆ ತೋರಿಸೋದು ಒಳ್ಳೇದು. ತಂದೆತಾಯಿ ಬರಲೇಬೇಕು ಅಂತ ಬರೆದದ್ದು ಅದಕ್ಕೇ. ಹೋಲಿಸಿ ನೋಡೋಕೆ ದೊಡ್ಡವರ ಚೀಟಿ ಬೇಕು.”

ಮುಂದಿನ ವಾರ ನೇತ್ರವೈದ್ಯರು ಪರೀಕ್ಷಿಸಿ, ಎರಡು ಕಣ್ಣಿಗೂ ಹ್ರಸ್ವದೃಷ್ಟಿ ಇದೆಯೆಂದು ಹೇಳಿ ಮೈನಸ್ ಒಂದೂವರೆಯ ಕನ್ನಡಕವನ್ನು ಬರೆದುಕೊಟ್ಟರು. ಈ ದೋಷವುಳ್ಳ ಕಣ್ಣುಗುಡ್ಡೆ ಸಾಮಾನ್ಯವಾಗಿ ತುಸು ಉದ್ದವಾಗಿದ್ದು, ದೂರದ ವಸ್ತುವಿನ ಬಿಂಬವು ಅಕ್ಷಿಪಟಲವನ್ನು ಮುಟ್ಟುವ ಮೊದಲೇ ಕೂಡಿ ಮತ್ತೆ ಹರಡುತ್ತದೆ. ಮನೆಯಲ್ಲಿ ಹತ್ತಿರದ ಪುಸ್ತಕವನ್ನು ಓದುವಾಗ ಇದು ಗೊತ್ತಾಗುವುದಿಲ್ಲ. ನಕ್ಷತ್ರವಾದರೋ ಒಂದು ಬಿಂದು ಮಾತ್ರ. ಅದು ಹರಡಿದರೆ ಬಿಲ್ಲೆಯಾಗುತ್ತದೆ, ಪಕ್ಕಪಕ್ಕದ ಬಿಲ್ಲೆಗಳು ಬೆರೆತು ಹತ್ತಿಯ ಚೂರಾಗುತ್ತದೆ. ಕತ್ತಲಿನಲ್ಲಿ ಪಾಪೆ ಅಗಲವಾಗಿರುವುದರಿಂದ ಈ ಹರಡಿಕೆ ಹಗಲಿಗಿಂತ ಹೆಚ್ಚು.

ಆಮೇಲೆ ವಿಚಾರಿಸಲಾಗಿ, ಮಗು ಒಂದು ವರ್ಷದಿಂದಲೂ ಕರಿಹಲಗೆಯ ಲೆಕ್ಕವನ್ನು ಪಕ್ಕದ ಹುಡುಗಿಯ ಪುಸ್ತಕದಿಂದ ಬರೆದುಕೊಳ್ಳುತ್ತಿದ್ದಳೆಂದು ತಿಳಿಯಿತು. ಗಮನವಿಲ್ಲವೆಂದು ಅವಳು ಎರಡು ಮೂರು ಸಲ ಮನೆಯಲ್ಲಿ ಬೈಗುಳವನ್ನೂ ತಿಂದಿದ್ದಳು.

ಫೆಬ್ರವರಿಯ ಬಹುಳಪಕ್ಷದಲ್ಲಿ ಅವಳು ನಮ್ಮ ಮನೆಯ ತಾರಸಿಯಲ್ಲಿ ಕನ್ನಡಕ ಹಾಕಿಕೊಂಡು ಎಣಿಸಿ, ಆರು ಎಂದಳು. ಅಮ್ಮನ ಚೀಟಿಯಲ್ಲಿಯೂ ಆರೇ ಇತ್ತೆಂದು ಜ್ಞಾಪಿಸಿದಳು.

ವಾಚಕರು ತಮ್ಮ ಮನೆಯಲ್ಲಿ ಹೀಗೆಯೇ ಎಣಿಸಬೇಕೆಂದಿದ್ದರೆ ಕಾಲವನ್ನು ನೋಡಿಕೊಳ್ಳಬೇಕು. ರೈತರು ಕೃತ್ತಿಕೆಯ ಮಳೆಯೆನ್ನುವ ಮೇ ತಿಂಗಳಿನಲ್ಲಿ ಸೂರ್ಯನು ಆ ನಕ್ಷತ್ರದಲ್ಲಿಯೇ ಇರುವುದರಿಂದ ಅದು ಕಾಣದು. ಕಾರ್ತಿಕದ ಹುಣ್ಣಿಮೆಯಂದು ಚಂದ್ರನು ಅದರ ಬಳಿಯಲ್ಲಿಯೇ ನಿಂತು ಮರೆಮಾಡುವನು. ಆ ಹುಣ್ಣಿಮೆ ಕಳೆದು ಒಂದು ವಾರವಾದ ಮೇಲೆ, ಮಾಘದವರೆಗೂ, ಪ್ರತಿ ಬಹುಳಪಕ್ಷದ ಕೊನೆಯ ದಿನಗಳ ಸಂಜೆ ಪ್ರಶಸ್ತವಾದುದು. ಚೀಟಿಗಳನ್ನು ಮಾತ್ರ ಎಲ್ಲರೂ ಬೇರೆಬೇರೆಯಾಗಿ ಬರೆಯಲಿ. ದೊಡ್ಡವರು ಮೊದಲೇ ಆರು ಎಂದು ಕೂಗಿದರೆ, ಕಾಣದ ಮಗುವೂ ಆರು ಎಂದೇ ಹೇಳಿಬಿಡುವುದು.