ಕಾಣಿಕೆಯ ಲೆಕ್ಕ: ಹರ್ಡೇಕರ ಮಂಜಪ್ಪನವರ ಮೂವತ್ತು ವರ್ಷಗಳು

ಹರ್ಡೇಕರ ಮಂಜಪ್ಪನವರು ತಮ್ಮ ಆತ್ಮಕಥನಕ್ಕೆ ಹೆಸರಿಡುವಾಗ ಅದನ್ನು ಜೀವನಚರಿತ್ರೆಯೆಂದಾಗಲಿ ನೆನಪುಗಳೆಂದಾಗಲಿ ಕರೆಯಲಿಲ್ಲ; ಕಳೆದ ಮೂವತ್ತು ವರ್ಷಗಳ ಕಾಣಿಕೆ ಎಂದು ಕರೆದರು. ಈ ಹೆಸರಿನಲ್ಲಿ ಒಂದು ಅಂಕಿಯಿದೆ, ಒಂದು ಪೂಜಾಭಾವದ ಪದವಿದೆ. ಒಂದು ಬದುಕು ಕಥೆಯಾಗುವ ಕ್ರಮವನ್ನು ತಿಳಿಯಬೇಕೆನ್ನುವವರು ಈ ಎರಡನ್ನೂ ನಿಧಾನವಾಗಿ ಪರಿಶೀಲಿಸಬೇಕು.

ಮೊದಲು ಅಂಕಿಯನ್ನು ನೋಡಬಹುದು. ಮಂಜಪ್ಪನವರು ಹುಟ್ಟಿದ್ದು 1886ರಲ್ಲಿ, ಬನವಾಸಿಯ ಬಡ ಕುಟುಂಬವೊಂದರಲ್ಲಿ. ಮುಲ್ಕಿ ಪರೀಕ್ಷೆ ಮುಗಿಸಿ ಶಿರಸಿಯಲ್ಲಿ ಶಾಲಾ ಉಪಾಧ್ಯಾಯರಾದರು. ಬಾಲಗಂಗಾಧರ ತಿಲಕರ ಸ್ವದೇಶಿಯ ಕರೆಗೆ ಮನಸೋತು 1906ರಲ್ಲಿ ಆ ಕೆಲಸ ಬಿಟ್ಟು ದಾವಣಗೆರೆಗೆ ಬಂದು ‘ಧನುರ್ಧಾರಿ’ ವಾರಪತ್ರಿಕೆಯನ್ನು ಆರಂಭಿಸಿದರು. ಮೂವತ್ತು ವರ್ಷಗಳ ಎಣಿಕೆ ತೊಡಗುವುದು ಇಲ್ಲಿಂದ. ಐವತ್ತರ ಅಂಚಿನಲ್ಲಿ ನಿಂತ ಮನುಷ್ಯ ತನ್ನ ಬದುಕಿನ ಇಪ್ಪತ್ತು ವರ್ಷಗಳನ್ನು ಎಣಿಕೆಯಿಂದ ಹೊರಗಿಟ್ಟು ಉಳಿದುದನ್ನು ಓದುಗರ ಮುಂದೆ ಇಡುತ್ತಾನೆ. ಕಥೆಗೆ ಆರಂಭ ಎಲ್ಲಿ ಎಂಬ ಪ್ರಶ್ನೆ ಹೀಗೆ ಒಳಗಿನ ಪುಟಗಳಿಗಿಂತ ಮುಂಚೆ, ಹೊದಿಕೆಯ ಮೇಲೆಯೇ ತೀರ್ಮಾನವಾಗಿದೆ. ಈ ಎಣಿಕೆಯ ಪ್ರಕಾರ ಬದುಕು ಆರಂಭವಾಗುವುದು ಬನವಾಸಿಯ ಮನೆಯಲ್ಲಲ್ಲ, ದಾವಣಗೆರೆಯ ಮುದ್ರಣಾಲಯದಲ್ಲಿ.

ಆಯ್ಕೆಯೆಂಬುದು ಆತ್ಮಕಥೆಯ ದೋಷವಲ್ಲ, ಆಯ್ಕೆಯಿಲ್ಲದೆ ಕಥೆಯಿಲ್ಲ. ಆದರೆ ಎಲ್ಲಿ ಕತ್ತರಿಸಿದರೆ ಏನಾಗುತ್ತದೆಂಬುದನ್ನು ಬೇರೆ ಎರಡು ಕೃತಿಗಳ ಪಕ್ಕದಲ್ಲಿಟ್ಟಾಗ ಸ್ಪಷ್ಟವಾಗುತ್ತದೆ. ಗಾಂಧೀಜಿ 1925ರಿಂದ 1929ರವರೆಗೆ ‘ನವಜೀವನ’ದಲ್ಲಿ ಬರೆದ ಆತ್ಮಕಥೆ ಬಾಲ್ಯದಿಂದ ತೊಡಗಿ 1920ರ ನಾಗಪುರ ಕಾಂಗ್ರೆಸ್ಸಿನ ಸುಮಾರಿಗೆ ನಿಂತುಬಿಡುತ್ತದೆ, ಅಲ್ಲಿಂದ ಮುಂದಿನದು ಜನರ ಕಣ್ಣೆದುರು ನಡೆದದ್ದು ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ಸಾರ್ವಜನಿಕ ಬದುಕು ತುಂಬು ಬೆಳಕಿಗೆ ಬಂದ ಕಡೆ ಗಾಂಧೀಜಿ ಲೇಖನಿ ಕೆಳಗಿಡುತ್ತಾರೆ. ಸಾರ್ವಜನಿಕ ಬದುಕು ತೊಡಗುವ ಕಡೆ ಮಂಜಪ್ಪನವರ ಎಣಿಕೆ ತೊಡಗುತ್ತದೆ. ಗಾಂಧೀಜಿಯವರ ಕತ್ತರಿ ತಪ್ಪೊಪ್ಪಿಗೆಗೆ ಎಡೆ ಮಾಡಿಕೊಡುತ್ತದೆ, ಮಂಜಪ್ಪನವರದು ಲೆಕ್ಕ ಒಪ್ಪಿಸುವುದಕ್ಕೆ.

ಇನ್ನೊಂದು ಕೃತಿ ಬನಾರಸೀದಾಸನ ‘ಅರ್ಧಕಥಾನಕ’. ಆಗ್ರಾದ ಈ ಜೈನ ವ್ಯಾಪಾರಿ 1641ರಲ್ಲಿ, ತನ್ನ ಐವತ್ತೈದನೆಯ ವಯಸ್ಸಿನಲ್ಲಿ, ಮನುಷ್ಯನ ಪೂರ್ಣಾಯುಷ್ಯ ನೂರಹತ್ತು ವರ್ಷವೆಂದು ಗಣಿಸಿ, ಅದರ ಅರ್ಧದ ಕಥೆಯೆಂದು ತನ್ನ ಕೃತಿಗೆ ಹೆಸರಿಟ್ಟ. ತಾರುಣ್ಯದಲ್ಲಿ ಬರೆದ ಶೃಂಗಾರಪ್ರಧಾನ ಕಾವ್ಯವನ್ನು ಗೋಮತೀ ನದಿಗೆ ಎಸೆದದ್ದನ್ನೂ, ಅಕ್ಬರನ ಮರಣವಾರ್ತೆ ಕೇಳಿ ಮೆಟ್ಟಿಲಿಂದ ಉರುಳಿ ಬಿದ್ದದ್ದನ್ನೂ, ಹುಟ್ಟಿದ ಒಂಬತ್ತು ಮಕ್ಕಳನ್ನೂ ಕಳೆದುಕೊಂಡದ್ದನ್ನೂ ಅವನು ಹೇಳುತ್ತಾನೆ. ಅವನ ಕಥೆಗೂ ಒಂದು ಸಂವಿಧಾನವಿದೆ. ಅಧ್ಯಾತ್ಮದ ಹೆಸರಿನಲ್ಲಿ ಆಚಾರಗಳನ್ನೆಲ್ಲ ಗೇಲಿ ಮಾಡುತ್ತಿದ್ದವನು, ರೂಪಚಂದ ಪಾಂಡೆ ಆಗ್ರಾಕ್ಕೆ ಬಂದು ‘ಗೊಮ್ಮಟಸಾರ’ವನ್ನು ವಿವರಿಸಿದ ಮೇಲೆ ಸಮತೋಲನಕ್ಕೆ ಬರುತ್ತಾನೆ. ಚಾವುಂಡರಾಯನ ಕಾಲದಲ್ಲಿ ನೇಮಿಚಂದ್ರರು ರಚಿಸಿದ ಗ್ರಂಥವೊಂದು ಆರು ಶತಮಾನಗಳ ಅನಂತರ ಉತ್ತರದ ಒಂದು ಆತ್ಮಕಥೆಗೆ ಹೀಗೆ ನಿಲುಗಡೆ ಒದಗಿಸಿತು. ಆದರೆ ಆ ಮಕ್ಕಳ ಸಾವು ಯಾವ ಪಾಠಕ್ಕೂ ಪೂರ್ತಿ ಒಗ್ಗದೆ ಕಥೆಯಲ್ಲಿ ಉಳಿದುಬಿಟ್ಟಿದೆ. ‘ಅರ್ಧ’ ಎಂಬ ಪದ ಅಂಥ ಉಳಿಕೆಗಳಿಗೆ ಅವಕಾಶ ಕೊಡುತ್ತದೆ. ‘ಕಾಣಿಕೆ’ ಎಂಬ ಪದ ಅಷ್ಟು ಸುಲಭವಾಗಿ ಕೊಡುವುದಿಲ್ಲ.

ಕಾಣಿಕೆ ಎಂದರೆ ದೇವರಿಗೋ ಗುರುವಿಗೋ ಹಿರಿಯರಿಗೋ ಭಕ್ತಿಯಿಂದ ಅರ್ಪಿಸಿದ್ದು. ಅರ್ಪಿಸುವವನು ಆರಿಸಿಯೇ ತರುತ್ತಾನೆ. ಬಾಡಿದ ಹೂವನ್ನು ತಟ್ಟೆಯಲ್ಲಿ ಇಡುವುದಿಲ್ಲ. ಬದುಕಿನ ಮೂವತ್ತು ವರ್ಷಗಳಿಗೆ ಈ ಪದವನ್ನು ಹೊಂದಿಸಿದೊಡನೆ ಆ ಅವಧಿಯ ಪ್ರತಿ ಘಟನೆಯೂ ಕೊಟ್ಟದ್ದರ ಸಾಲಿಗೆ ಸೇರಬೇಕಾಗುತ್ತದೆ. ಬಿಟ್ಟುಹೋದದ್ದು ತ್ಯಾಗವಾಗುತ್ತದೆ, ನಿಂತುಹೋದದ್ದು ಮುಂದಿನದರ ಸಿದ್ಧತೆಯಾಗುತ್ತದೆ. ದಾವಣಗೆರೆಯ ಪತ್ರಿಕೆ, ಹರಿಹರದಲ್ಲಿ ತುಂಗಭದ್ರೆಯ ದಡದ ಸತ್ಯಾಗ್ರಹಾಶ್ರಮ, ಕೃಷ್ಣೆಯ ದಡದ ಆಲಮಟ್ಟಿಯ ವಿದ್ಯಾಲಯ: ಈ ಮೂರನ್ನು ಒಂದರ ಮೇಲೊಂದು ಏರುವ ಮೆಟ್ಟಿಲುಗಳಂತೆ ಕಾಣುವುದು ಈ ಚೌಕಟ್ಟಿನಲ್ಲಿ ಸಹಜ. ಒಂದು ಊರಿನಲ್ಲಿ ಬೇರೂರದ ಕೆಲಸವನ್ನು ಇನ್ನೊಂದು ಊರಿನಲ್ಲಿ ಮತ್ತೆ ಮೊದಲಿನಿಂದ ತೊಡಗಿದ ಮನುಷ್ಯನ ಕಥೆಯಾಗಿಯೂ ಅದೇ ಮೂರು ಹೆಸರುಗಳನ್ನು ಓದಬಹುದು. ಘಟನೆಗಳು ಎರಡರಲ್ಲೂ ಒಂದೇ. ಅವನ್ನು ಪೋಣಿಸುವ ದಾರ ಬೇರೆ.

ಈ ಪೋಣಿಸುವಿಕೆ ಎಲ್ಲಿ ಬಿಗಿಯಾಗುತ್ತದೆಂಬುದನ್ನು ಅರಿಯಲು ದಾವಣಗೆರೆಯ ಮೊದಲ ಏಳು ವರ್ಷಗಳನ್ನು ತಾರೀಖುಗಳ ಕ್ರಮದಲ್ಲಿ ಬಿಡಿಸಿ ನೋಡಬೇಕು. 1906ರಲ್ಲಿ ‘ಧನುರ್ಧಾರಿ’ ಹೊರಟಿತು. ಹೆಸರೇ ಬಿಲ್ಲು ಹಿಡಿದವನದು. ಸ್ಫೂರ್ತಿ ತಿಲಕರ ‘ಕೇಸರಿ’ಯದು. 1908ರ ಜುಲೈನಲ್ಲಿ ತಿಲಕರಿಗೆ ರಾಜದ್ರೋಹದ ಆಪಾದನೆಯ ಮೇಲೆ ಶಿಕ್ಷೆಯಾಗಿ ಅವರನ್ನು ಮಂಡಾಲೆಗೆ ಸಾಗಿಸಲಾಯಿತು. ಅದೇ ವರ್ಷ ಮೈಸೂರು ಸಂಸ್ಥಾನ ವೃತ್ತಪತ್ರಿಕೆಗಳ ಮೇಲೆ ಕಟ್ಟುನಿಟ್ಟಿನ ಕಾಯಿದೆ ತಂದು, ಸರಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸುವಂತಿಲ್ಲವೆಂದಿತು. ಸಂಸ್ಥಾನದ ಕೆಲವು ಪತ್ರಿಕೆಗಳು ಪ್ರತಿಭಟಿಸಿ ನಿಂತವು. ದಾವಣಗೆರೆ ಆಗ ಮೈಸೂರು ಸಂಸ್ಥಾನದ ಊರು. ಇದಾದ ಸ್ವಲ್ಪ ಕಾಲಕ್ಕೇ ಮಂಜಪ್ಪನವರು ನೈಷ್ಠಿಕ ಬ್ರಹ್ಮಚರ್ಯದ ದೀಕ್ಷೆ ತೊಟ್ಟರು. ದಾವಣಗೆರೆಯ ವಿರಕ್ತ ಮಠದಲ್ಲಿ ಮೃತ್ಯುಂಜಯ ಸ್ವಾಮಿಗಳೊಡನೆ ಸೇರಿ ಭಜನೆ, ಉಪದೇಶಗಳ ಕಡೆಗೆ ತಿರುಗಿದರು. 1913ರಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ಇಬ್ಬರೂ ಕೂಡಿ ನಾಂದಿ ಹಾಡಿದರು.

ಈ ಸಾಲಿಗೆ ಎರಡು ವಿವರಣೆಗಳಿವೆ. ಒಂದರ ಪ್ರಕಾರ ಇದು ಒಳಗಿನ ಬೆಳವಣಿಗೆ: ಬರಿಯ ರಾಜಕೀಯ ಸಾಲದು, ಶೀಲ ಬೇಕು, ಧರ್ಮದ ತಳಹದಿ ಬೇಕು ಎಂಬ ಅರಿವು ಒಬ್ಬ ತರುಣನಲ್ಲಿ ಮೂಡಿತು. ಇನ್ನೊಂದರ ಪ್ರಕಾರ ಇದು ಹೊರಗಿನ ಒತ್ತಡ: ರಾಜಕೀಯ ಬರೆವಣಿಗೆಯ ಬಾಗಿಲು 1908ರಲ್ಲಿ ಮುಕ್ಕಾಲು ಮುಚ್ಚಿತು, ತೆರೆದಿದ್ದ ಬಾಗಿಲು ಮಠದ್ದು. ಕಾಣಿಕೆಯ ಚೌಕಟ್ಟು ಮೊದಲ ವಿವರಣೆಯ ಕಡೆಗೆ ವಾಲುತ್ತದೆ. ಸಂಕಲ್ಪದಿಂದ ಕೊಟ್ಟದ್ದು ಮಾತ್ರ ಕಾಣಿಕೆ, ಒತ್ತಾಯದಿಂದ ತೆತ್ತದ್ದಕ್ಕೆ ಬೇರೆ ಹೆಸರಿದೆ. ಇತಿಹಾಸದ ವಿದ್ಯಾರ್ಥಿ ಎರಡನೆಯದರ ಕಡೆಗೆ ವಾಲುತ್ತಾನೆ, ಏಕೆಂದರೆ ಕಾಯಿದೆಗೆ ತಾರೀಖು ಇದೆ, ಅರಿವಿಗೆ ಇಲ್ಲ. ಆದರೆ ತಾರೀಖುಗಳ ಸಾಮೀಪ್ಯ ಕಾರಣವನ್ನು ಸಾಬೀತು ಮಾಡುವುದಿಲ್ಲ. ಕಾಯಿದೆ ದಾರಿಯನ್ನು ಕಿರಿದು ಮಾಡಿರಬಹುದು. ಆ ಕಿರುದಾರಿಯಲ್ಲಿ ಬ್ರಹ್ಮಚರ್ಯವನ್ನೇ ಆರಿಸಿಕೊಳ್ಳಬೇಕೆಂದು ಯಾವ ಕಾಯಿದೆಯೂ ಹೇಳಿರಲಿಲ್ಲ. ಆತ್ಮಸಮರ್ಥನೆ ಎಂದ ಮಾತ್ರಕ್ಕೆ ಅದು ಸುಳ್ಳೆಂದಲ್ಲ. ಹಲವು ಕಾರಣಗಳಲ್ಲಿ ತನ್ನದಾದ ಒಂದನ್ನು ಮುಂದಿಟ್ಟು ಉಳಿದವನ್ನು ನೆರಳಿಗೆ ಸರಿಸುವುದೇ ಅದರ ರೀತಿ.

ಈ ನೆರಳನ್ನು ಇನ್ನಷ್ಟು ದಟ್ಟವಾಗಿಸಿದ್ದು ಜನರೇ ಕೊಟ್ಟ ಬಿರುದು. ಮಂಜಪ್ಪನವರನ್ನು ನಾಡು ‘ಕರ್ನಾಟಕದ ಗಾಂಧಿ’ ಎಂದು ಕರೆಯಿತು. ಈ ಬಿರುದನ್ನು ಮನಸ್ಸಿನಲ್ಲಿಟ್ಟು 1906ನ್ನು ಓದುವವರಿಗೆ ‘ಧನುರ್ಧಾರಿ’ ಖಾದಿಯ ಪೀಠಿಕೆಯಂತೆ ಕಾಣುತ್ತದೆ. ಆದರೆ ಗಾಂಧೀಜಿ ದಕ್ಷಿಣ ಆಫ್ರಿಕದಿಂದ ಭಾರತಕ್ಕೆ ಮರಳಿದ್ದು 1915ರ ಜನವರಿಯಲ್ಲಿ. ಅದಕ್ಕೆ ಮುಂಚಿನ ಒಂಬತ್ತು ವರ್ಷ ದಾವಣಗೆರೆಯಲ್ಲಿದ್ದ ತರುಣ ಯಾವ ಗಾಂಧಿಗೂ ಸಿದ್ಧನಾಗುತ್ತಿರಲಿಲ್ಲ. ಅವನು ತಿಲಕರ ಶಿಷ್ಯನಾಗಿ, ಮಠದ ಸಹಚರನಾಗಿ, ಪತ್ರಿಕೆಯ ಸಂಪಾದಕನಾಗಿ ಬದುಕುತ್ತಿದ್ದ. ಕೊನೆ ಗೊತ್ತಿರುವ ಕಥೆ ತನ್ನ ಆದಿಯನ್ನು ತಿದ್ದಿಕೊಳ್ಳುತ್ತದೆ. ಬಿಲ್ಲಿನಿಂದ ಚರಕಕ್ಕೆ ನಡೆದ ಹಾದಿ ಹಿಂದಿರುಗಿ ನೋಡಿದಾಗ ನೇರವಾಗಿ ತೋರುತ್ತದೆ. ನಡೆಯುವಾಗ ಅದು ಹಾದಿಯೇ ಆಗಿರಲಿಲ್ಲ.

ಹರಿಹರದ ವಿಷಯದಲ್ಲೂ ಇಂಥದೇ ಎಚ್ಚರ ಬೇಕು. ದಾವಣಗೆರೆಯಿಂದ ಹರಿಹರ ಹದಿನೈದು ಕಿಲೋಮೀಟರಿನ ಒಳಗಿದೆ. ಪೇಟೆಯನ್ನು ಬಿಟ್ಟು ನದಿಯ ದಡಕ್ಕೆ, ಪತ್ರಿಕೆಯಿಂದ ಆಶ್ರಮಕ್ಕೆ ಎಂದಾಗ ಕಥೆಗೆ ಒಂದು ಪುರಾಣದ ಚಲನೆ ಬರುತ್ತದೆ. ಸಾಬರಮತಿಯ ದಡದ ನೆನಪು ಅದನ್ನು ಇನ್ನೂ ಬಲಪಡಿಸುತ್ತದೆ. ಆದರೆ ಹರಿಹರ ಅಂದು ಗಡಿಯ ಊರು. ಈಚೆಯ ದಡ ಮೈಸೂರು ಸಂಸ್ಥಾನದ್ದು, ಆಚೆಯ ದಡ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯದು. ಎರಡನ್ನೂ ಬೆಸೆಯುವ ರೈಲು ಅಲ್ಲಿಯೇ ನದಿ ದಾಟುತ್ತದೆ. ಮುಂಬಯಿ ಪ್ರಾಂತದ ಬನವಾಸಿಯಲ್ಲಿ ಹುಟ್ಟಿ, ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿ, ಎರಡೂ ಕಡೆ ಖಾದಿಯ ಪ್ರಚಾರಕ್ಕೆ ತಿರುಗಬೇಕಿದ್ದವನಿಗೆ ಇದಕ್ಕಿಂತ ಅನುಕೂಲದ ತಾಣವಿರಲಿಲ್ಲ. ನದಿಯ ಪಾವಿತ್ರ್ಯ ಕಥೆಗೆ ಬೇಕು. ರೈಲು ನಿಲ್ದಾಣ ಕೆಲಸಕ್ಕೆ ಬೇಕು. ಆತ್ಮಕಥೆಗಳನ್ನು ಓದುವಾಗ ಪವಿತ್ರ ಕಾರಣ ಕಂಡಲ್ಲೆಲ್ಲ ಅನುಕೂಲದ ಕಾರಣವನ್ನೂ ಹುಡುಕಬೇಕು. ಹುಡುಕಿ ಸಿಕ್ಕ ಮೇಲೆ ಮೊದಲನೆಯದನ್ನು ಎಸೆಯಬಾರದು.

ಇನ್ನುಳಿದದ್ದು ಲೋಪದ ಪ್ರಶ್ನೆ. ಕಾಣಿಕೆ ಕೊಟ್ಟವನು ಒಬ್ಬನೆಂದು ವ್ಯಾಕರಣ ಹೇಳುತ್ತದೆ. ವಾರಪತ್ರಿಕೆಯೊಂದು ಚಿಕ್ಕ ಪೇಟೆಯಲ್ಲಿ ನಡೆಯಬೇಕಾದರೆ ಮೊಳೆ ಜೋಡಿಸುವವರು ಬೇಕು, ಕಾಗದ ಸಾಲ ಕೊಡುವವರು ಬೇಕು, ಚಂದಾ ಕಳಿಸುವವರೂ ಕಳಿಸದೆ ಓದುವವರೂ ಇರಬೇಕು. ಆಶ್ರಮಕ್ಕೆ ಅಡುಗೆಯವರು ಬೇಕು. ಬ್ರಹ್ಮಚಾರಿಯ ಮನೆಯಲ್ಲಿ ಅವನ ದುಡಿಮೆಯನ್ನು ನೆಚ್ಚಿಕೊಂಡವರು ಯಾರಾದರೂ ಇದ್ದಿರಬಹುದು. ಅವರ ಪಾಲಿನ ತ್ಯಾಗ ಅವರು ಆರಿಸಿಕೊಂಡದ್ದಲ್ಲ. ಪ್ರಥಮ ಪುರುಷದ ಬಹುವಚನಕ್ಕೆ ಸೇರಬೇಕಾದ ಇವರೆಲ್ಲ ಉತ್ತಮ ಪುರುಷ ಏಕವಚನದಲ್ಲಿ ಕರಗುವುದು ಸೇವೆಯ ಆತ್ಮಕಥೆಗಳೆಲ್ಲದರ ಅಪಾಯ. ಬಸವ ಜಯಂತಿಯ ಉದಾಹರಣೆಯೇ ಸಾಕು: ಅದೇ 1913ರ ಆಚರಣೆಯನ್ನು ಮೃತ್ಯುಂಜಯ ಸ್ವಾಮಿಗಳ ಚರಿತ್ರೆಯಲ್ಲಿ ಓದಿದರೆ ಕೇಂದ್ರ ಮಠಕ್ಕೆ ಸರಿಯುತ್ತದೆ, ಮಂಜಪ್ಪನವರ ಚರಿತ್ರೆಯಲ್ಲಿ ಓದಿದರೆ ಪ್ರಚಾರಕನ ಕಡೆಗೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಬೇಕಿಲ್ಲ. ಪ್ರತಿಯೊಂದು ಬದುಕೂ ತನ್ನ ಸುತ್ತಲೇ ವೃತ್ತ ಎಳೆಯುತ್ತದೆ.

ಮಂಜಪ್ಪನವರು 1947ರ ಜನವರಿ 3ರಂದು ತೀರಿಕೊಂಡರು. ಸ್ವಾತಂತ್ರ್ಯಕ್ಕೆ ಏಳು ತಿಂಗಳೂ ಪೂರ್ತಿ ಉಳಿದಿದ್ದವು, ಮೂವತ್ತು ವರ್ಷಗಳ ಎಣಿಕೆ ಮುಗಿದು ಹತ್ತು ವರ್ಷಗಳಾಗಿದ್ದವು. 1906ಕ್ಕೆ ಹಿಂದಿನ ಇಪ್ಪತ್ತು ವರ್ಷಗಳಂತೆ ಕಡೆಯ ಹತ್ತೂ ಎಣಿಕೆಯ ಹೊರಗೆ ಉಳಿದವು. ಅವರ ಅರವತ್ತು ವರ್ಷಗಳ ಆಯುಷ್ಯದಲ್ಲಿ ಕಾಣಿಕೆಯ ತಟ್ಟೆಗೆ ಬಂದದ್ದು ಸರಿಯಾಗಿ ಅರ್ಧ. ಬನಾರಸೀದಾಸ ತನ್ನ ಹೊತ್ತಗೆಗೆ ಲೆಕ್ಕ ಹಾಕಿ ಇಟ್ಟ ಹೆಸರು ಮಂಜಪ್ಪನವರ ಹೊತ್ತಗೆಗೆ ಲೆಕ್ಕವಿಲ್ಲದೆಯೇ ಒಪ್ಪಿತು.