ಸಾಲ ಯಾರ ಹೆಸರಲ್ಲಿ?

ಅಮೆರಿಕದ ಆಟಿಕೆ ಅಂಗಡಿ ಟಾಯ್ಸ್ ಆರ್ ಅಸ್ 2018ರಲ್ಲಿ ಮುಚ್ಚಿದಾಗ, ಅದನ್ನು ಅಮೆಜಾನ್ ಕೊಂದಿತು ಎಂದು ಬಹಳ ಜನ ಹೇಳಿದರು. ನನಗೆ ಆ ಮಾತು ಅರ್ಧ ಮಾತ್ರ ಒಪ್ಪಿಗೆ. ಉಳಿದರ್ಧ 2005ರ ಒಂದು ವ್ಯವಹಾರದಲ್ಲಿದೆ.

ಆ ವರ್ಷ ಕೆಕೆಆರ್, ಬೇನ್ ಕ್ಯಾಪಿಟಲ್, ವೊರ್ನಾಡೊ ಎಂಬ ಮೂರು ಸಂಸ್ಥೆಗಳು ಸೇರಿ ಕಂಪನಿಯನ್ನು ಸುಮಾರು 660 ಕೋಟಿ ಡಾಲರಿಗೆ ಕೊಂಡವು. ಸ್ವಂತ ಹಣ ಹಾಕಿದ್ದು ಅದರಲ್ಲಿ ಐದನೇ ಒಂದು ಪಾಲು. ಮಿಕ್ಕದ್ದೆಲ್ಲ ಸಾಲ.

ಬ್ಯಾಂಕಿನಲ್ಲಿದ್ದು ನಿವೃತ್ತರಾದ ನಮ್ಮ ಮಾವನಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಸಾಲ ಯಾರ ಹೆಸರಲ್ಲಿ ಮಾರಾಯ?"

ಗುಟ್ಟು ಇರುವುದೇ ಅಲ್ಲಿ. ಕೋಟಿ ರೂಪಾಯಿಯ ಹೋಟೆಲೊಂದನ್ನು ನೀವು ಕೊಳ್ಳುತ್ತೀರಿ ಎನ್ನಿ. ಕೈಯಿಂದ ಹಾಕುವುದು ಇಪ್ಪತ್ತು ಲಕ್ಷ. ಎಂಬತ್ತು ಲಕ್ಷ ಸಾಲ. ಆದರೆ ಸಾಲಗಾರ ನೀವಲ್ಲ, ಹೋಟೆಲು. ಅಡವಿಟ್ಟಿದ್ದು ಅದರದೇ ಕಟ್ಟಡ. ಕಂತು ಹೋಗುವುದು ಅದರದೇ ಗಲ್ಲಾಪೆಟ್ಟಿಗೆಯಿಂದ. ಕೆಲವು ವರ್ಷಗಳಲ್ಲಿ ದೋಸೆ ಮಾರಿಯೇ ಸಾಲ ತೀರಿತು ಎನ್ನೋಣ. ಹೋಟೆಲಿನ ಬೆಲೆ ಒಂದು ರೂಪಾಯಿ ಏರದಿದ್ದರೂ ನಿಮ್ಮ ಇಪ್ಪತ್ತು ಲಕ್ಷ ಈಗ ಕೋಟಿ. ತೀರದಿದ್ದರೆ ನೀವು ಕಳೆದುಕೊಳ್ಳುವುದು ಇಪ್ಪತ್ತೇ ಲಕ್ಷ.

ಈ ದಾರಿಯೇ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. 2000ದಲ್ಲಿ ಟಾಟಾ ಟೀ ತನಗಿಂತ ದೊಡ್ಡದಾದ ಬ್ರಿಟನ್ನಿನ ಟೆಟ್ಲಿಯನ್ನು 27.1 ಕೋಟಿ ಪೌಂಡಿಗೆ ಕೊಂಡದ್ದೂ ಹೆಚ್ಚಾಗಿ ಇಂಥದೇ ಸಾಲದಿಂದ. ಆದರೆ ಚಹಾ ದಿನವೂ ಖರ್ಚಾಗುತ್ತದೆ. ಆಟಿಕೆ ಅಂಗಡಿಯ ವರ್ಷದ ಗಳಿಕೆ ಬಹುಪಾಲು ಕ್ರಿಸ್‌ಮಸ್ಸಿನ ಆಸುಪಾಸಿನದು. ಬಡ್ಡಿಗೆ ಮಾತ್ರ ಹಬ್ಬವಿಲ್ಲ, ಹನ್ನೆರಡು ತಿಂಗಳೂ ಓಡುತ್ತದೆ.

ಟಾಯ್ಸ್ ಆರ್ ಅಸ್‌ನ ಆಸ್ತಿಯನ್ನೂ ಹೀಗೆ ದುಡಿಸಿದರು. ಅನೇಕ ಅಂಗಡಿಗಳ ಜಾಗ, ಕಟ್ಟಡಗಳನ್ನು ಬೇರೆ ಅಂಗಸಂಸ್ಥೆಗಳ ಹೆಸರಿಗೆ ಮಾಡಿ, ಅವುಗಳ ಮೇಲೆ ಸಾಲ ಎತ್ತಲಾಯಿತು. ಅಂಗಡಿಗಳು ಆ ಅಂಗಸಂಸ್ಥೆಗಳಿಗೆ ಬಾಡಿಗೆ ಕಟ್ಟುತ್ತಿದ್ದವು. ಷೇರು ಮಾರಿ ಸಾಲ ಇಳಿಸುವ ಯೋಜನೆಯೂ ಇತ್ತು, 2013ರಲ್ಲಿ ಅದನ್ನು ಕೈಬಿಟ್ಟರು.

2016ರ ಲೆಕ್ಕ ನೋಡಿ. ವ್ಯಾಪಾರದಿಂದ ಬಂದ ಲಾಭ ಸುಮಾರು 46 ಕೋಟಿ ಡಾಲರ್. ಬಡ್ಡಿಯೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಅಂಗಡಿ ನಷ್ಟದಲ್ಲಿರಲಿಲ್ಲ, ದುಡಿಯುತ್ತಿತ್ತು. ದುಡಿದದ್ದೆಲ್ಲ ತನ್ನನ್ನು ಕೊಂಡ ಸಾಲದ ಬಡ್ಡಿಗೇ ಹೋಗುತ್ತಿತ್ತು. ಹಳೆಯ ಮಳಿಗೆಗೆ ಸುಣ್ಣಬಣ್ಣ, ಆನ್‌ಲೈನ್ ವ್ಯಾಪಾರಕ್ಕೆ ಬಂಡವಾಳ ಎಲ್ಲಿಂದ ಬರಬೇಕು? ಅಮೆಜಾನ್ ಬಾಗಿಲಿಗೆ ಬಂದಾಗ ಇದರ ಕೈ ಕಟ್ಟಿತ್ತು. ಇಂಥ ಕಂಪನಿಯ ಆರೋಗ್ಯ ನೋಡುವವರು ಲಾಭವನ್ನು ಬಡ್ಡಿಯಿಂದ ಭಾಗಿಸಿ ನೋಡುತ್ತಾರೆ. ಉತ್ತರ ಒಂದರ ಹತ್ತಿರ ಬಂತೆಂದರೆ ಉಸಿರಾಡಲು ಜಾಗವಿಲ್ಲ.

2017ರ ಸೆಪ್ಟೆಂಬರಿನಲ್ಲಿ ಸುದ್ದಿ ಹೊರಬಿತ್ತು. ಸರಕು ಕೊಡುವವರು ಉದ್ರಿ ನಿಲ್ಲಿಸಿ ಮೊದಲು ನಗದು ಇಡಿ ಎಂದರು. ಅದೇ ತಿಂಗಳು ಕಂಪನಿ ದಿವಾಳಿ ಅರ್ಜಿ ಹಾಕಿತು. ಸುಮಾರು 33 ಸಾವಿರ ಜನರ ಕೆಲಸ ಹೋಯಿತು. ಪರಿಹಾರಕ್ಕಾಗಿ ಅವರು ಬೀದಿಗಿಳಿದ ಮೇಲೆ ಕೆಕೆಆರ್ ಮತ್ತು ಬೇನ್ ಎರಡು ಕೋಟಿ ಡಾಲರಿನ ನಿಧಿ ಮಾಡಿದವು.